ಟೈಮರ್ ಸೊನ್ನೆಗೆ ಬಂದ ಮೇಲೆ ಏನಾಗುತ್ತದೆ?

ಶಾಲೆ ಶುರುವಾಗುವ ವಾರ ಮಗನಿಗೆ ಮಡಚಿಡಬಹುದಾದ ಓದುವ ಮೇಜೊಂದನ್ನು ಹುಡುಕುತ್ತಿದ್ದೆ. ರಾತ್ರಿ ಹತ್ತೂವರೆಯ ಹೊತ್ತಿಗೆ ಫೋನಿನಲ್ಲಿ ಕಂಡ ಜಾಹೀರಾತೊಂದನ್ನು ಒತ್ತಿದಾಗ, ನಾನು ಹಿಂದೆಂದೂ ಹೆಸರು ಕೇಳಿರದ ಮಳಿಗೆಯೊಂದರ ಪುಟ ತೆರೆದುಕೊಂಡಿತು. ₹4,499 ಎಂಬ ಬೆಲೆಯನ್ನು ಅಡ್ಡಗೆರೆ ಎಳೆದು ಹೊಡೆದುಹಾಕಿ ಪಕ್ಕದಲ್ಲಿ ₹1,899 ಎಂದು ಬರೆದಿದ್ದರು. ಅದರ ಕೆಳಗೆ ಕೆಂಪು ಪಟ್ಟಿಯಲ್ಲಿ 14:59 ಎಂದು ಶುರುವಾಗಿ ಇಳಿಯುತ್ತಿದ್ದ ಟೈಮರ್, ಅದರ ಕೆಳಗೆ ‘ಇನ್ನು 4 ಮಾತ್ರ ಉಳಿದಿವೆ’ ಎಂಬ ಸಾಲು, ಮತ್ತೂ ಕೆಳಗೆ ‘ಈಗ 27 ಮಂದಿ ಇದನ್ನು ನೋಡುತ್ತಿದ್ದಾರೆ’ ಎಂಬ ಇನ್ನೊಂದು ಸಾಲು. ಮೇಜಿನ ಉದ್ದಗಲ ಎಷ್ಟು, ಹಲಗೆ ಯಾವುದರದ್ದು, ಎಷ್ಟು ಭಾರ ತಡೆಯುತ್ತದೆ ಎಂಬ ವಿವರಗಳು ಈ ಮೂರನ್ನೂ ದಾಟಿ ಬಹಳ ಕೆಳಗೆ ಹೋದ ಮೇಲಷ್ಟೇ ಸಿಗುತ್ತಿದ್ದವು.

ಪುಟವನ್ನು ಒಮ್ಮೆ ರಿಫ್ರೆಶ್ ಮಾಡಿದೆ. ಟೈಮರ್ ಮತ್ತೆ 14:59ಕ್ಕೆ ಹೋಗದೆ 13:40ರಿಂದ ಮುಂದುವರಿಯಿತು. ಹೆಚ್ಚಿನವರ ಅನುಮಾನ ಇಲ್ಲಿಗೆ ತೀರಿಬಿಡುತ್ತದೆ. ರಿಫ್ರೆಶ್ ಮಾಡಿದರೂ ಟೈಮರ್ ತನ್ನ ಲೆಕ್ಕ ಮರೆಯಲಿಲ್ಲವಾದರೆ ಅದು ನಿಜವಾದ ಗಡುವೇ ಇರಬೇಕು ಎಂದು ನಂಬಿ ಹಣ ಕಟ್ಟುವ ಪುಟಕ್ಕೆ ಹೋಗಿಬಿಡುತ್ತೇವೆ. ಹಾಗೆ ನಂಬಲಿ ಎಂದೇ ಅದನ್ನು ಹಾಗೆ ಬರೆದಿರುತ್ತಾರೆ.

ಇನ್‌ಕಾಗ್ನಿಟೊ ಕಿಟಕಿಯಲ್ಲಿ ಅದೇ ವಿಳಾಸ ತೆರೆದಾಗ ಟೈಮರ್ 14:59ರಿಂದ ಹೊಸದಾಗಿ ಶುರುವಾಯಿತು. ಹೆಂಡತಿಯ ಫೋನಿನಲ್ಲಿ ತೆರೆದರೆ ಅಲ್ಲಿಯೂ 14:59. ಆಗ ನಮ್ಮ ಮನೆಯಲ್ಲಿ ಒಂದೇ ಮೇಜಿನ ಒಂದೇ ರಿಯಾಯಿತಿಗೆ ಮೂರು ಬೇರೆ ಬೇರೆ ಗಡುವುಗಳು ಇದ್ದವು. ನಿಜವಾದ ಮಾರಾಟದ ಗಡುವು ಗಡಿಯಾರದ ಒಂದು ನಿರ್ದಿಷ್ಟ ಕ್ಷಣಕ್ಕೆ ಕಟ್ಟಿಕೊಂಡಿರುತ್ತದೆ. ಭಾನುವಾರ ರಾತ್ರಿ 11:59ಕ್ಕೆ ಮುಗಿಯುವ ರಿಯಾಯಿತಿ ಬೆಂಗಳೂರಿನಲ್ಲಿ ಕೂತವರಿಗೂ ಬೀದರಿನಲ್ಲಿ ಕೂತವರಿಗೂ ಆಗಲೇ ಮುಗಿಯಬೇಕು. ಪುಟ ತೆರೆದ ಕ್ಷಣದಿಂದ ಹದಿನೈದು ನಿಮಿಷ ಎಂದು ಎಣಿಸುವ ಗಡುವು ಮಾರಾಟಗಾರನ ಅಂಗಡಿಯಲ್ಲಿಲ್ಲ, ನಮ್ಮ ಫೋನಿನಲ್ಲಿದೆ.

ಫೋನಿನಲ್ಲಿದೆ ಎಂಬುದು ಅಲಂಕಾರದ ಮಾತಲ್ಲ. ಇಂಥ ಟೈಮರ್‌ನ ಹೂರಣವನ್ನು ಸರಳಗೊಳಿಸಿ ಬರೆದರೆ ಐದೇ ಸಾಲಿನಲ್ಲಿ ಮುಗಿಯುತ್ತದೆ.

```js
let end = Number(localStorage.getItem("offerEnd"));
if (!end || Date.now() > end) {
  end = Date.now() + 15 * 60 * 1000;
  localStorage.setItem("offerEnd", end);
}
```

`localStorage` ಎಂಬುದು ಬ್ರೌಸರ್ ಪ್ರತಿ ಜಾಲತಾಣಕ್ಕೂ ನಮ್ಮದೇ ಸಾಧನದಲ್ಲಿ ಕೊಟ್ಟಿರುವ ಸಣ್ಣ ಕಪಾಟು. ಮೊದಲ ಬಾರಿ ಬಂದಾಗ ಕಪಾಟು ಖಾಲಿ ಇರುವುದರಿಂದ ಪುಟವು ಈಗಿನ ಸಮಯಕ್ಕೆ ಹದಿನೈದು ನಿಮಿಷ ಕೂಡಿಸಿ, ಬಂದ ಸಂಖ್ಯೆಯನ್ನು ಅಲ್ಲಿಡುತ್ತದೆ. ರಿಫ್ರೆಶ್ ಮಾಡಿದಾಗ ಅದೇ ಸಂಖ್ಯೆ ಸಿಗುವುದರಿಂದ ಟೈಮರ್ ಮುಂದುವರಿದಂತೆ ಕಾಣುತ್ತದೆ. ಇನ್‌ಕಾಗ್ನಿಟೊದಲ್ಲಿ ಕಪಾಟು ಹೊಸದಾಗಿರುವುದರಿಂದ ಎಣಿಕೆಯೂ ಹೊಸದು. ಎರಡನೇ ಸಾಲಿನ ಕೊನೆಯ ಷರತ್ತನ್ನು ಗಮನಿಸಬೇಕು: ಗಡುವು ದಾಟಿಹೋಗಿದ್ದರೆ ಇನ್ನೊಂದು ಹದಿನೈದು ನಿಮಿಷ ಕೊಡು ಎಂದು ಅದು ಹೇಳುತ್ತದೆ. ಬೆಲೆಯ ಬಗ್ಗೆ ಈ ಐದು ಸಾಲುಗಳಲ್ಲಿ ಒಂದು ಮಾತೂ ಇಲ್ಲ. ಟೈಮರ್ ಸೊನ್ನೆಗೆ ಬಂದರೆ ಬೆಲೆ ಏರಬೇಕು ಎಂದು ಯಾರೂ ಎಲ್ಲಿಯೂ ಬರೆದಿಲ್ಲ.

ಹಾಗಾಗಿ ಯಾವುದೇ ಟೈಮರ್‌ಗೆ ಕೇಳಬೇಕಾದ ಮೊದಲ ಪ್ರಶ್ನೆ, ಅದು ಸೊನ್ನೆಗೆ ಬಂದಾಗ ಏನಾಗುತ್ತದೆ ಎಂಬುದು. ನಾನು ಅಂದು ಸ್ಕ್ರೀನ್ ರೆಕಾರ್ಡಿಂಗ್ ಹಾಕಿ ಕಾದೆ. 00:00 ಬಂತು, ಕ್ಷಣಕಾಲ ಹಾಗೇ ನಿಂತಿತು, ಮತ್ತೆ 14:59 ಶುರುವಾಯಿತು. ಬೆಲೆ ₹1,899ರಲ್ಲೇ ಇತ್ತು. ಕೆಲವು ಮಳಿಗೆಗಳು ಇದಕ್ಕಿಂತ ಒಂದು ಹೆಜ್ಜೆ ಚುರುಕಾಗಿರುತ್ತವೆ: ಸೊನ್ನೆಯಾದಾಗ ಪಟ್ಟಿಯನ್ನು ಮರೆಮಾಡಿ, ಮರುದಿನ ಹೊಸ ಹೆಸರಿನ ರಿಯಾಯಿತಿಯಲ್ಲಿ ಅದೇ ಬೆಲೆಯನ್ನು ತರುತ್ತವೆ. ಅಲ್ಲಿ ಹದಿನೈದು ನಿಮಿಷ ಕಾದರೆ ಸಾಲದು, ಮರುದಿನ ಇನ್ನೊಮ್ಮೆ ನೋಡಬೇಕಾಗುತ್ತದೆ.

ಇದು ಹೆಸರಿಲ್ಲದ ಸಣ್ಣ ಮಳಿಗೆಗಳ ಕಸುಬು ಮಾತ್ರವಲ್ಲ. ನೆದರ್‌ಲೆಂಡ್ಸಿನ ಗ್ರಾಹಕ ಮತ್ತು ಮಾರುಕಟ್ಟೆ ಪ್ರಾಧಿಕಾರವು 2024ರ ಮೇ ತಿಂಗಳಲ್ಲಿ ಫೋರ್ಟ್‌ನೈಟ್ ಆಟದ ಕಂಪನಿಯಾದ ಎಪಿಕ್ ಗೇಮ್ಸ್‌ಗೆ ಒಟ್ಟು 11.25 ಲಕ್ಷ ಯೂರೊ ದಂಡ ವಿಧಿಸಿತು. ಪ್ರಾಧಿಕಾರ ಎತ್ತಿದ ಆಕ್ಷೇಪಗಳಲ್ಲಿ ಒಂದು ಇದೇ: ಆಟದೊಳಗಿನ ಅಂಗಡಿಯಲ್ಲಿ ಮಕ್ಕಳಿಗೆ ಕಾಣುತ್ತಿದ್ದ ಟೈಮರ್ ಮುಗಿದ ಮೇಲೂ ಕೆಲವು ವಸ್ತುಗಳು ಅಲ್ಲಿಯೇ ಮಾರಾಟಕ್ಕಿದ್ದವು. ಅದಕ್ಕೂ ಮೊದಲು, 2019ರಲ್ಲಿ, ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಅರುಣೇಶ್ ಮಾಥುರ್ ಮತ್ತು ಸಂಗಡಿಗರು ಸುಮಾರು 11 ಸಾವಿರ ಮಾರಾಟ ತಾಣಗಳನ್ನು ಪ್ರೋಗ್ರಾಮಿನ ಮೂಲಕ ಜಾಲಾಡಿ, ಗ್ರಾಹಕರನ್ನು ದಾರಿ ತಪ್ಪಿಸುವ ವಿನ್ಯಾಸಗಳ 1,818 ನಿದರ್ಶನಗಳನ್ನು ಪಟ್ಟಿ ಮಾಡಿದ್ದರು. ಆ ಅಧ್ಯಯನದಲ್ಲಿ ನನಗೆ ಹೆಚ್ಚು ಮುಖ್ಯವೆನಿಸಿದ್ದು ಬೇರೆ ಸಂಗತಿ. ಇಂಥ ವಿನ್ಯಾಸಗಳನ್ನು ಸಿದ್ಧ ಸರಕಾಗಿ ಒದಗಿಸುವ 22 ಹೊರಗಿನ ಸಂಸ್ಥೆಗಳನ್ನು ಅವರು ಗುರುತಿಸಿದ್ದರು. ಮೇಜು ಮಾರುವವನು ಕೂತು ಟೈಮರ್ ಬರೆಯಬೇಕಿಲ್ಲ. ಎಷ್ಟು ನಿಮಿಷ, ಮುಗಿದ ಮೇಲೆ ಮತ್ತೆ ಶುರುವಾಗಬೇಕೋ ಬೇಡವೋ ಎಂದು ಗುರುತು ಹಾಕಿದರೆ ಸಾಕು, ಸಿದ್ಧ ಪ್ಲಗಿನ್ ಉಳಿದದ್ದನ್ನು ನೋಡಿಕೊಳ್ಳುತ್ತದೆ. ಒಂದೇ ಕೆಂಪು ಪಟ್ಟಿ, ಒಂದೇ ಬೆಂಕಿಯ ಚಿತ್ರ, ಒಂದೇ ಬಗೆಯ ಅಕ್ಷರ ಹತ್ತಾರು ಮಳಿಗೆಗಳಲ್ಲಿ ಕಾಣುವುದು ಇದರಿಂದಲೇ.

ಆದರೂ ಎಲ್ಲ ಟೈಮರ್‌ಗಳೂ ಸುಳ್ಳಲ್ಲ ಎಂಬುದನ್ನು ಇಲ್ಲಿಯೇ ಹೇಳಿಬಿಡಬೇಕು. ಬಸ್ಸಿನ ಸೀಟು ಅಥವಾ ಸಿನಿಮಾ ಟಿಕೆಟ್ ಕಾಯ್ದಿರಿಸುವಾಗ, ಸೀಟು ಆರಿಸಿ ಹಣ ಕಟ್ಟುವ ಪುಟಕ್ಕೆ ಹೋದ ಮೇಲೆ ಕಾಣುವ ಕೆಲವು ನಿಮಿಷಗಳ ಎಣಿಕೆಗೆ ಗಟ್ಟಿಯಾದ ಕಾರಣವಿದೆ. ನಾವು ಆರಿಸಿದ ಸೀಟನ್ನು ಅಷ್ಟು ಹೊತ್ತು ಬೇರೆಯವರಿಗೆ ಸಿಗದಂತೆ ಹಿಡಿದಿಟ್ಟಿರುತ್ತಾರೆ, ಅವಧಿ ಮುಗಿದರೆ ಬಿಟ್ಟುಕೊಡುತ್ತಾರೆ. ಇದನ್ನು ಪರೀಕ್ಷಿಸುವುದೂ ಸುಲಭ. ಒಂದು ಫೋನಿನಲ್ಲಿ ಸೀಟು ಹಿಡಿದು ಇನ್ನೊಂದರಲ್ಲಿ ಸೀಟುಗಳ ನಕ್ಷೆ ತೆರೆದರೆ ಆ ಸೀಟು ಅಲ್ಲಿ ಆರಿಸಲು ಬರುವುದಿಲ್ಲ, ಸಮಯ ಮುಗಿದ ಮೇಲೆ ಮತ್ತೆ ಬರುತ್ತದೆ. ಈ ಟೈಮರ್ ನಮ್ಮ ಪಾಲಿಗೆ ಪ್ರತ್ಯೇಕವಾಗಿ ಶುರುವಾಗುತ್ತದೆ ನಿಜ, ಆದರೆ ಅದು ಪುಟ ತೆರೆದದ್ದರಿಂದ ಶುರುವಾಗುವುದಿಲ್ಲ, ನಾವು ಒಂದು ವಸ್ತುವನ್ನು ಹಿಡಿದದ್ದರಿಂದ ಶುರುವಾಗುತ್ತದೆ. ಅದೇ ಸೋಗು ಹಾಕಿ ‘ನಿಮ್ಮ ಕಾರ್ಟನ್ನು 10 ನಿಮಿಷ ಕಾಯ್ದಿರಿಸಲಾಗಿದೆ’ ಎನ್ನುವ ಬಟ್ಟೆ ಮಳಿಗೆಗಳಿವೆ. ಹತ್ತು ನಿಮಿಷದ ನಂತರವೂ ಕಾರ್ಟಿನಲ್ಲಿ ಅಂಗಿ ಅದೇ ಬೆಲೆಗೆ ಕೂತಿದ್ದರೆ ಅಲ್ಲಿ ಕಾಯ್ದಿರಿಸಿದ್ದು ಏನೂ ಇರಲಿಲ್ಲ ಎಂದೇ ಅರ್ಥ.

ಇನ್ನು ‘4 ಮಾತ್ರ ಉಳಿದಿವೆ’ ಎಂಬ ಸಾಲಿಗೆ ಬರೋಣ. ಟೈಮರ್‌ಗಿಂತ ಇದನ್ನು ಅಳೆಯುವುದು ಕಷ್ಟ, ಏಕೆಂದರೆ ಇಲ್ಲಿ ಹಸಿ ಸುಳ್ಳಿಗಿಂತ ಅರೆನಿಜವೇ ಹೆಚ್ಚು.

ಮೇಜಿನ ವಿಷಯದಲ್ಲಿ ನಾನು ಮಾಡಿದ್ದು ಇಷ್ಟು. ಪ್ರಮಾಣದ ಜಾಗದಲ್ಲಿ 12 ಎಂದು ಹಾಕಿ ಕಾರ್ಟಿಗೆ ಸೇರಿಸಿದೆ. ನಾಲ್ಕೇ ಉಳಿದಿರುವ ಮಳಿಗೆ ಹನ್ನೆರಡು ಮೇಜನ್ನು ಯಾವ ತಕರಾರೂ ಇಲ್ಲದೆ ಒಪ್ಪಿಕೊಂಡು, ಹಣ ಕಟ್ಟುವ ಹಂತದವರೆಗೂ ಕರೆದೊಯ್ದಿತು. ಇದೊಂದರಿಂದಲೇ ತೀರ್ಪು ಕೊಡುವುದು ಸರಿಯಲ್ಲ. ಸರಕು ಮುಗಿದ ಮೇಲೂ ಆರ್ಡರ್ ತೆಗೆದುಕೊಂಡು ಆಮೇಲೆ ತರಿಸಿ ಕಳಿಸುವ ವ್ಯವಸ್ಥೆಯನ್ನು ಅನೇಕ ಮಳಿಗೆಗಳು ಇಟ್ಟುಕೊಂಡಿರುತ್ತವೆ. ಆದರೆ ಹಾಗೆ ತರಿಸಿಕೊಡುವವರು ‘4 ಮಾತ್ರ’ ಎಂದು ಹೆದರಿಸುವುದರಲ್ಲಿ ಅರ್ಥವಿಲ್ಲ. ಐದನೆಯವನಿಗೂ ಮೇಜು ಸಿಗುತ್ತದೆ ಎಂಬುದು ಅವರಿಗೆ ಗೊತ್ತಿರುತ್ತದೆ. ಇದಕ್ಕೆ ವಿರುದ್ಧವಾದದ್ದೂ ಆಗಬಹುದು. ಐದನ್ನು ಸೇರಿಸಲು ಹೋದಾಗ ಪುಟ ತಡೆದರೆ ಅದು ದಾಸ್ತಾನಿನ ಮಿತಿಯೇ ಆಗಿರಬೇಕೆಂದಿಲ್ಲ, ಒಬ್ಬರಿಗೆ ಇಷ್ಟೇ ಎಂಬ ಮಿತಿಯೂ ಆಗಿರಬಹುದು. ತಡೆಯುವಾಗ ಕಾಣುವ ವಾಕ್ಯವನ್ನು ಓದಿದರೆ ಸಾಮಾನ್ಯವಾಗಿ ವ್ಯತ್ಯಾಸ ತಿಳಿಯುತ್ತದೆ. ಆದರೆ ಈ ಪರೀಕ್ಷೆಯನ್ನು ಸೀಟುಗಳ ಮೇಲೆ ಮಾಡಲೇಬಾರದು. ಹಬ್ಬದ ಹಿಂದಿನ ದಿನ ಹುಬ್ಬಳ್ಳಿಯ ಬಸ್ಸಿನ ಆರು ಸೀಟನ್ನು ಸುಮ್ಮನೆ ಹಿಡಿದು ಕೂತರೆ ಅಷ್ಟು ಹೊತ್ತು ನಿಜವಾಗಿ ಊರಿಗೆ ಹೋಗಬೇಕಾದವರಿಗೆ ಅವು ಸಿಗುವುದಿಲ್ಲ.

ಅದೇ ಪುಟದ ‘27 ಮಂದಿ’ ಎಂಬ ಸಂಖ್ಯೆ ಕೆಲವು ಸೆಕೆಂಡಿಗೊಮ್ಮೆ 31, 24, 29 ಎಂದು ಕುಣಿಯುತ್ತಿತ್ತು. ಕಂಪ್ಯೂಟರಿನಲ್ಲಿ ಪುಟದ ವಿಳಾಸದ ಮುಂದೆ `view-source:` ಎಂದು ಸೇರಿಸಿ ತೆರೆದರೆ ಪುಟದ ಒಳಗಿನ ಬರಹ ಕಾಣುತ್ತದೆ. ಅದರಲ್ಲಿ `Math.random` ಎಂದು ಹುಡುಕಿದಾಗ, 20 ಮತ್ತು 35ರ ನಡುವೆ ಒಂದು ಸಂಖ್ಯೆಯನ್ನು ಯದ್ವಾತದ್ವಾ ಆರಿಸುವ ಸಾಲು, ಆ ವಾಕ್ಯದ ಪಕ್ಕದಲ್ಲೇ ಸಿಕ್ಕಿತು. ನೋಡುತ್ತಿದ್ದವರು ಯಾರೂ ಇರಲಿಲ್ಲವೆಂದಲ್ಲ, ಇದ್ದರೂ ಆ ಪುಟ ಅವರನ್ನು ಎಣಿಸುತ್ತಿರಲಿಲ್ಲ. ಆದರೆ ಆ ಪದ ಸಿಕ್ಕಿತೆಂಬ ಮಾತ್ರಕ್ಕೆ ಮೋಸ ಎನ್ನುವಂತಿಲ್ಲ. ಚಿತ್ರಗಳನ್ನು ಕಲಸಿ ತೋರಿಸುವುದಕ್ಕೋ ಇನ್ನಾವುದೋ ಸಾಧು ಕೆಲಸಕ್ಕೋ ಅದನ್ನು ಬಳಸುತ್ತಾರೆ. ಹುಡುಕಿದಾಗ ಸಿಗಲಿಲ್ಲವೆಂದರೆ ಪ್ರಾಮಾಣಿಕತೆ ಎಂದೂ ಅಲ್ಲ, ಸಂಖ್ಯೆಯನ್ನು ಬೇರೆ ಕಡತದಿಂದ ತರುತ್ತಿರಬಹುದು. ನಿಜವಾದ ಎಣಿಕೆಯಾಗಿದ್ದರೆ ನಡುರಾತ್ರಿ ಮೂರು ಗಂಟೆಗೂ ಸಂಜೆ ಏಳು ಗಂಟೆಗೂ ಅಂತರ ಇರಬೇಕು. ಯಾವ ಹೊತ್ತಿಗೂ ಇಪ್ಪತ್ತರಿಂದ ಮೂವತ್ತೈದರೊಳಗೇ ಓಡಾಡುವ ಜನಸಂದಣಿ ಲೋಕದಲ್ಲಿಲ್ಲ.

ಈಗ ಅರೆನಿಜದ ಕಡೆಗೆ. ದೊಡ್ಡ ಮಾರಾಟ ತಾಣಗಳಲ್ಲಿ ‘1 ಮಾತ್ರ ಉಳಿದಿದೆ’ ಎಂದು ಕಂಡರೆ ಆ ಸಂಖ್ಯೆ ಬಹುತೇಕ ನಿಜವೇ ಇರುತ್ತದೆ, ಆದರೆ ಅದು ಯಾವುದರ ಎಣಿಕೆ ಎಂಬುದನ್ನು ಪುಟ ಎದ್ದು ಕಾಣುವಂತೆ ಹೇಳುವುದಿಲ್ಲ. ಒಂದೇ ಕುಕ್ಕರ್ ಅನ್ನು ಹಲವು ಮಾರಾಟಗಾರರು ಒಂದೇ ಪುಟದಲ್ಲಿ ಮಾರುತ್ತಿರುತ್ತಾರೆ, ಆ ಒಂದು ಎಂಬುದು ಮೇಲೆ ಕಾಣುತ್ತಿರುವ ಒಬ್ಬ ಮಾರಾಟಗಾರನ ದಾಸ್ತಾನು. ಅವನದು ಮುಗಿದರೆ ಅದೇ ಪುಟದಲ್ಲಿ ಇನ್ನೊಬ್ಬನ ಹೆಸರು ಮೇಲೆ ಬರುತ್ತದೆ. ಬೇರೆ ಮಾರಾಟಗಾರರ ಪಟ್ಟಿಯನ್ನು ತೆರೆದು ನೋಡಿದರೆ, ಪಿನ್‌ಕೋಡ್ ಬದಲಿಸಿ ನೋಡಿದರೆ, ಇದು ಸುಲಭವಾಗಿ ಗೊತ್ತಾಗುತ್ತದೆ. ಹತ್ತು ನಿಮಿಷದಲ್ಲಿ ಮನೆಗೆ ದಿನಸಿ ತರುವ ಆ್ಯಪ್‌ಗಳಲ್ಲಂತೂ ಸಂಖ್ಯೆ ಹತ್ತಿರದ ಒಂದೇ ಗೋದಾಮಿನದ್ದು. ಅಲ್ಲಿ ಎರಡು ಪೊಟ್ಟಣ ಉಳಿದಿವೆ ಎಂದರೆ ಕಪಾಟಿನಲ್ಲಿ ಎರಡೇ ಇರುವ ಸಾಧ್ಯತೆ ಸಾಕಷ್ಟಿದೆ, ಆದರೆ ಮುಗಿದರೂ ಬೆಳಗಿನ ಗಾಡಿಯಲ್ಲಿ ಮತ್ತೆ ಬರುತ್ತದೆ.

ವಿಮಾನದ ಟಿಕೆಟ್ ಈ ಅರೆನಿಜಕ್ಕೆ ಒಳ್ಳೆಯ ಉದಾಹರಣೆ. ‘ಈ ದರದಲ್ಲಿ 3 ಸೀಟು ಮಾತ್ರ’ ಎಂಬುದನ್ನು ನೋಡಿ ವಿಮಾನವೇ ತುಂಬಿಹೋಯಿತು ಎಂದು ಗಾಬರಿಯಾಗುವವರನ್ನು ಕಂಡಿದ್ದೇನೆ. ವಿಮಾನ ಸಂಸ್ಥೆಗಳು ಇಕಾನಮಿ ವಿಭಾಗದ ಸೀಟುಗಳನ್ನೇ ಹಲವು ದರ ವರ್ಗಗಳಾಗಿ ವಿಂಗಡಿಸಿ, ಒಂದೊಂದಕ್ಕೂ ಒಂದು ಅಕ್ಷರ ಕೊಟ್ಟು, ಅಗ್ಗದ ವರ್ಗ ತೀರಿದ ಮೇಲೆ ಮುಂದಿನ ವರ್ಗವನ್ನು ಮಾರುತ್ತವೆ. ಟ್ರಾವೆಲ್ ಏಜೆಂಟರ ಪರದೆಯಲ್ಲಿ ಪ್ರತಿ ಅಕ್ಷರದ ಮುಂದೆ ಒಂದು ಅಂಕಿ ಇರುತ್ತದೆ, ಅದು ಹೆಚ್ಚೆಂದರೆ 9. ಹಾಗಾಗಿ ಅಲ್ಲಿ 9 ಎಂದರೆ ಒಂಬತ್ತು ಅಥವಾ ಅದಕ್ಕಿಂತ ಹೆಚ್ಚು ಎಂದು ಓದಬೇಕು. 3 ಎಂದಿದ್ದರೆ ಆ ಅಗ್ಗದ ವರ್ಗದಲ್ಲಿ ಮೂರು ಎಂದಷ್ಟೇ ಅರ್ಥ. ವಿಮಾನದಲ್ಲಿ ಎಷ್ಟು ಸೀಟು ಖಾಲಿಯಿದೆ ಎಂಬುದಕ್ಕೂ ಇದಕ್ಕೂ ನೇರ ಸಂಬಂಧವಿಲ್ಲ.

ಇದನ್ನು ಪರೀಕ್ಷಿಸಲು ಪ್ರಯಾಣಿಕರ ಸಂಖ್ಯೆಯನ್ನು ಬದಲಿಸುತ್ತಾ ಹುಡುಕಬೇಕು. ಲೆಕ್ಕಕ್ಕೆಂದು ಒಂದು ಸಂದರ್ಭ ಇಟ್ಟುಕೊಳ್ಳೋಣ. ಮೂವರಿಗೆ ಹುಡುಕಿದಾಗ ತಲೆಗೆ ₹4,200 ಇದೆ, ನಾಲ್ವರಿಗೆ ಹುಡುಕಿದರೆ ತಲೆಗೆ ₹5,100 ಆಗುತ್ತದೆ. ಅಗ್ಗದ ವರ್ಗದಲ್ಲಿ ಮೂರೇ ಸೀಟಿರುವುದು ಇದರಿಂದ ಖಚಿತವಾಯಿತು, ಅಂದರೆ ಪುಟ ಹೇಳಿದ್ದು ನಿಜ. ಅದರ ಜೊತೆಗೆ ಇನ್ನೊಂದು ಸಂಗತಿಯೂ ಹೊರಬಿತ್ತು. ನಾಲ್ವರನ್ನು ಒಟ್ಟಿಗೆ ಹಾಕಿದರೆ ಸಾಮಾನ್ಯವಾಗಿ ನಾಲ್ವರಿಗೂ ಮೇಲಿನ ದರವೇ ಬೀಳುವುದರಿಂದ ಒಟ್ಟು ₹20,400 ಆಗುತ್ತದೆ. ಮೂವರನ್ನು ಒಂದು ಟಿಕೆಟ್ಟಿನಲ್ಲಿ, ಒಬ್ಬರನ್ನು ಇನ್ನೊಂದರಲ್ಲಿ ಹಾಕಿದರೆ 12,600 ಮತ್ತು 5,100 ಸೇರಿ ₹17,700. ಎರಡು ಪಿಎನ್ಆರ್ ಆಗುವ ತೊಡಕನ್ನು ಒಪ್ಪಿಕೊಂಡರೆ ₹2,700 ಉಳಿಯುತ್ತದೆ. ಪ್ರಯಾಣಿಕರ ಸಂಖ್ಯೆಯನ್ನು ಆರಕ್ಕೋ ಏಳಕ್ಕೋ ಏರಿಸಿದರೂ ದರ ಅಲುಗಾಡದಿದ್ದರೆ ಮಾತ್ರ ‘3 ಸೀಟು’ ಎಂಬ ಮಾತನ್ನು ಅನುಮಾನಿಸಲು ಕಾರಣವಿದೆ.

ಹೋಟೆಲ್ ಕೋಣೆಗಳಲ್ಲಿ ಇದೇ ಕತೆ ಇನ್ನಷ್ಟು ಸಡಿಲ. ಹೋಟೆಲಿನವರು ತಮ್ಮ ಕೋಣೆಗಳಲ್ಲಿ ಕೆಲವನ್ನು ಮಾತ್ರ ಒಂದು ಬುಕಿಂಗ್ ತಾಣಕ್ಕೆ ಬಿಟ್ಟುಕೊಟ್ಟಿರುತ್ತಾರೆ, ಉಳಿದವು ಬೇರೆ ತಾಣಗಳಲ್ಲಿ ಅಥವಾ ಅವರದೇ ಕೌಂಟರಿನಲ್ಲಿ ಇರುತ್ತವೆ. ‘ನಮ್ಮ ತಾಣದಲ್ಲಿ 2 ಕೋಣೆ’ ಎಂಬುದರಲ್ಲಿ ನಮ್ಮ ತಾಣದಲ್ಲಿ ಎಂಬ ಪದಗಳೇ ಸಣ್ಣ ಅಕ್ಷರದಲ್ಲಿರುತ್ತವೆ. ಬ್ರಿಟನ್ನಿನ ಸ್ಪರ್ಧೆ ಮತ್ತು ಮಾರುಕಟ್ಟೆ ಪ್ರಾಧಿಕಾರ ಎಕ್ಸ್‌ಪೀಡಿಯಾ, ಬುಕಿಂಗ್ ಡಾಟ್ ಕಾಮ್, ಅಗೋಡಾ ಸೇರಿದಂತೆ ಆರು ತಾಣಗಳಿಂದ 2019ರಲ್ಲಿ ಬರೆಸಿಕೊಂಡ ಬದ್ಧತೆಗಳಲ್ಲಿ ಇಂಥದ್ದೇ ವಿಷಯಗಳಿದ್ದವು. ಇಷ್ಟು ಮಂದಿ ಇದೇ ಹೋಟೆಲನ್ನು ನೋಡುತ್ತಿದ್ದಾರೆ ಎಂದು ತೋರಿಸುವಾಗ, ಅವರು ಬೇರೆ ದಿನಾಂಕಗಳಿಗೆ ನೋಡುತ್ತಿರಬಹುದು ಎಂಬುದನ್ನು ಮರೆಮಾಚಬಾರದು ಎಂಬುದು ಅದರಲ್ಲಿ ಒಂದು. ಈಗಾಗಲೇ ಭರ್ತಿಯಾದ ಹೋಟೆಲುಗಳನ್ನು ಪಟ್ಟಿಯ ನಡುವೆ ತೂರಿಸಿ ಅವಸರ ಹುಟ್ಟಿಸುವುದೂ ಆಕ್ಷೇಪಕ್ಕೆ ಒಳಗಾಗಿತ್ತು. ನಮ್ಮಲ್ಲಿ ಇದಕ್ಕೊಂದು ಹಳೆಯ ಉಪಾಯ ಸಾಕು: ಮಡಿಕೇರಿಯ ಹೋಂಸ್ಟೇಗೋ ಹಂಪಿಯ ಹತ್ತಿರದ ಲಾಡ್ಜಿಗೋ ನೇರವಾಗಿ ಫೋನ್ ಮಾಡಿ, ಆ ದಿನಕ್ಕೆ ಕೋಣೆ ಇದೆಯೇ ಎಂದು ಕೇಳುವುದು.

ಇವುಗಳ ಎದುರಿಗೆ ರೈಲನ್ನು ಇಟ್ಟು ನೋಡಿದರೆ ನಿಜವಾದ ಕೊರತೆ ಹೇಗಿರುತ್ತದೆ ಎಂಬುದು ತಿಳಿಯುತ್ತದೆ. ಐಆರ್‌ಸಿಟಿಸಿಯಲ್ಲಿ `AVAILABLE-0012` ಎಂದು ಕಂಡರೆ, ಆ ರೈಲಿನ ಆ ದಿನದ ಆ ದರ್ಜೆಯ ಆ ಕೋಟಾದಲ್ಲಿ ಹನ್ನೆರಡು ಎಂದು ಅರ್ಥ. ಎಣಿಕೆ ಯಾವುದರದ್ದು ಎಂಬುದು ನಾವು ಹುಡುಕುವಾಗಲೇ ತುಂಬಿದ ಖಾನೆಗಳಲ್ಲಿದೆ. ಟಿಕೆಟ್ ಮಾರಲು ಅನುಮತಿ ಪಡೆದ ಬೇರೆ ಆ್ಯಪ್‌ಗಳೂ ಅದೇ ದಾಸ್ತಾನಿನಿಂದಲೇ ಮಾರುವುದರಿಂದ ಎರಡನೇ ಕಿಟಕಿಯಿಂದ ಇಣುಕಿ ತಾಳೆ ನೋಡಬಹುದು. ಸೊನ್ನೆಯಾದ ಮೇಲೆ ಆರ್‌ಎಸಿ, ಆಮೇಲೆ ವೇಟಿಂಗ್ ಲಿಸ್ಟ್ ಎಂದು ಸ್ಥಿತಿ ಬದಲಾಗುತ್ತದೆ, ಮತ್ತೆ ಹನ್ನೆರಡಕ್ಕೆ ಜಿಗಿಯುವುದಿಲ್ಲ. ಯಾರಾದರೂ ರದ್ದು ಮಾಡಿದರೆ ವೇಟಿಂಗ್ ಸಂಖ್ಯೆ ಹಿಂದಕ್ಕೂ ಸರಿಯುತ್ತದೆ. ತತ್ಕಾಲ್ ಬೆಳಗ್ಗೆ 10ಕ್ಕೆ ಎಸಿ ದರ್ಜೆಗಳಿಗೆ, 11ಕ್ಕೆ ಉಳಿದವಕ್ಕೆ ತೆರೆಯುವುದು ದೇಶಕ್ಕೆಲ್ಲ ಒಂದೇ ಕ್ಷಣ. ಇಷ್ಟೆಲ್ಲ ನಿಜವಾದ ಒತ್ತಡವಿದ್ದರೂ ಅಲ್ಲಿ ಕೆಂಪು ಪಟ್ಟಿಯಿಲ್ಲ, ಬೆಂಕಿಯ ಚಿತ್ರವಿಲ್ಲ. ತತ್ಕಾಲ್ ಸಿಗದೆ ಪರದಾಡಿದವರಿಗೆ ಇದೇನೂ ಸಮಾಧಾನವಲ್ಲ, ಒಪ್ಪುತ್ತೇನೆ.

ಕೈಮಗ್ಗದ ಸೀರೆಯದು ಇನ್ನೊಂದು ಬಗೆ. ಇಳಕಲ್ಲಿನ ನೇಕಾರರೊಬ್ಬರ ಪುಟದಲ್ಲಿ ‘ಒಂದೇ ಇದೆ’ ಎಂದಿದ್ದರೆ ಅದನ್ನು ನಂಬಲು ಕಾರಣವಿದೆ, ಏಕೆಂದರೆ ಅಲ್ಲಿ ಫೋಟೋದಲ್ಲಿರುವ ಸೀರೆಯೇ ಮಾರಾಟಕ್ಕಿರುವ ಸೀರೆ. ಅದೇ ಬಣ್ಣ, ಅದೇ ಸೆರಗಿನ ಇನ್ನೊಂದು ಬೇಕೆಂದರೆ ಮತ್ತೆ ಮಗ್ಗಕ್ಕೆ ಏರಬೇಕು. ಆದರೆ ಅದೇ ವಾಕ್ಯ ಯಂತ್ರದಲ್ಲಿ ಸಾವಿರಗಟ್ಟಲೆ ಮುದ್ರಣಗೊಂಡ ಪಾಲಿಯೆಸ್ಟರ್ ಸೀರೆಯ ಕೆಳಗಿದ್ದು, ಎಂಟು ಬಣ್ಣಗಳಲ್ಲಿ ಎಂಟಕ್ಕೂ ‘ಒಂದೇ ಇದೆ’ ಎಂದಿದ್ದರೆ, ವಾಕ್ಯವು ಸೀರೆಯಿಂದ ಬಂದದ್ದಲ್ಲ, ಪುಟದ ಅಚ್ಚಿನಿಂದ ಬಂದದ್ದು. ಹಾಗಾಗಿ ಒಂದು ವಸ್ತುವಿನ ಪುಟವನ್ನಷ್ಟೇ ನೋಡದೆ ಅದೇ ಮಳಿಗೆಯ ಇನ್ನೂ ನಾಲ್ಕೈದು ಪುಟಗಳನ್ನು ತೆರೆದು ನೋಡುವುದು ಒಳ್ಳೆಯದು. ನಿಜವಾದ ದಾಸ್ತಾನು ಅಂಕುಡೊಂಕಾಗಿರುತ್ತದೆ. ಒಂದಕ್ಕೆ 2, ಇನ್ನೊಂದಕ್ಕೆ 40, ಮತ್ತೊಂದು ಖಾಲಿ. ಎಲ್ಲವೂ 3 ಮತ್ತು 7ರ ನಡುವೆ ಇರುವ ಅಂಗಡಿಯನ್ನು ಚಿಕ್ಕಪೇಟೆಯಲ್ಲಿ ನಾನಂತೂ ಕಂಡಿಲ್ಲ.

ಪ್ರಾಮಾಣಿಕ ಮಳಿಗೆಯ ಸಂಖ್ಯೆಯೂ ತಪ್ಪಾಗಬಹುದು. ಬೀದಿಯ ಅಂಗಡಿಯಲ್ಲೂ ಆನ್‌ಲೈನಿನಲ್ಲೂ ಒಂದೇ ದಾಸ್ತಾನಿನಿಂದ ಮಾರುವವರಲ್ಲಿ, ಅಂಗಡಿಯಲ್ಲಿ ಮಾರಿದ್ದನ್ನು ಕಂಪ್ಯೂಟರಿಗೆ ಹಾಕುವುದು ತಡವಾದರೆ ಪುಟದಲ್ಲಿ 3 ಇದ್ದು ಕಪಾಟಿನಲ್ಲಿ ಏನೂ ಇರುವುದಿಲ್ಲ. ಆರ್ಡರ್ ಆದ ಮೇಲೆ ‘ಸ್ಟಾಕ್ ಇಲ್ಲ’ ಎಂದು ಹಣ ಹಿಂದಿರುಗಿಸುವುದು ಹೀಗೆ. ಆದರೆ ಇಂಥ ತಪ್ಪುಗಳು ಎರಡೂ ಕಡೆಗೆ ವಾಲುತ್ತವೆ, ಒಮ್ಮೆ ಇಲ್ಲದ್ದನ್ನು ಇದೆ ಎನ್ನುತ್ತವೆ, ಒಮ್ಮೆ ಇರುವುದನ್ನು ಇಲ್ಲ ಎನ್ನುತ್ತವೆ. ಸಂಖ್ಯೆ ಯಾವಾಗಲೂ ಕೆಳಮುಖವಾಗಿಯೇ ಹೋಗುತ್ತಿದ್ದು, ನಾವು ನೋಡುತ್ತಿರುವಾಗಲೇ 5, 4, 3 ಎಂದು ಇಳಿದು, ಮರುದಿನ ಮತ್ತೆ 5ಕ್ಕೆ ಬಂದಿದ್ದರೆ ಅದು ತಪ್ಪಲ್ಲ. ಇಳಿಯುವ ಸಂಖ್ಯೆಗೆ ಇರುವ ಬಲ ಹೊಸ ಸಂಶೋಧನೆಯೇನಲ್ಲ. ಸ್ಟೀಫನ್ ವರ್ಚೆಲ್ ಮತ್ತು ಸಂಗಡಿಗರು 1975ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಒಂದೇ ಬಿಸ್ಕತ್ತನ್ನು ಕೆಲವರಿಗೆ ಹತ್ತಿರುವ ಡಬ್ಬಿಯಿಂದ, ಕೆಲವರಿಗೆ ಎರಡಿರುವ ಡಬ್ಬಿಯಿಂದ ಕೊಟ್ಟರು. ಎರಡಿರುವ ಡಬ್ಬಿಯದನ್ನೇ ಜನ ಹೆಚ್ಚು ಮೆಚ್ಚಿದರು, ಮೊದಲು ಹತ್ತಿದ್ದು ಕಣ್ಣೆದುರೇ ಎರಡಕ್ಕಿಳಿದಾಗ ಮೆಚ್ಚಿಗೆ ಇನ್ನೂ ಹೆಚ್ಚಾಯಿತು.

ಭಾರತದಲ್ಲಿ ಇದಕ್ಕೊಂದು ನಿಯಮವಿದೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಅಡಿಯಲ್ಲಿ 2023ರ ನವೆಂಬರ್ 30ರಂದು ಡಾರ್ಕ್ ಪ್ಯಾಟರ್ನ್‌ಗಳನ್ನು, ಅಂದರೆ ಗ್ರಾಹಕರನ್ನು ದಾರಿ ತಪ್ಪಿಸುವ ವಿನ್ಯಾಸಗಳನ್ನು, ತಡೆಯುವ ಮಾರ್ಗಸೂಚಿಯನ್ನು ಹೊರಡಿಸಿತು. ಅದರಲ್ಲಿ ಪಟ್ಟಿ ಮಾಡಿದ 13 ಬಗೆಗಳಲ್ಲಿ ಮೊದಲನೆಯದೇ ಸುಳ್ಳು ತುರ್ತು. ವಸ್ತುವಿನ ಪ್ರಮಾಣ ಇರುವುದಕ್ಕಿಂತ ಕಡಿಮೆಯಿದೆ ಎಂದು ಹೇಳುವುದು, ಇಲ್ಲದ ಜನಪ್ರಿಯತೆಯನ್ನು ತೋರಿಸುವುದು ಎರಡೂ ಇದರೊಳಗೆ ಬರುತ್ತವೆ. ಮಾರ್ಗಸೂಚಿ ಕೊಟ್ಟಿರುವ ಉದಾಹರಣೆ ಎರಡೇ ಕೋಣೆ ಉಳಿದಿವೆ, ಮೂವತ್ತು ಮಂದಿ ನೋಡುತ್ತಿದ್ದಾರೆ ಎಂಬ ಬಗೆಯದು, ಮತ್ತು ಅಲ್ಲಿ ‘ಸೂಕ್ತ ಸಂದರ್ಭವನ್ನು ತಿಳಿಸದೆ’ ಎಂಬರ್ಥದ ಮಾತು ಸೇರಿದೆ. ಅರೆನಿಜಗಳನ್ನು ಹಿಡಿಯಲು ಇರುವ ಕೊಕ್ಕೆ ಆ ಮಾತೇ ಎಂದು ನನ್ನ ಓದು. ಮೂರು ಸೀಟು ಎಂಬುದು ನಿಜವಾಗಿದ್ದರೂ ಯಾವ ದರದ ಮೂರು, ಯಾವ ದಿನದ ಮೂರು, ಯಾರ ಬಳಿಯ ಮೂರು ಎಂದು ಹೇಳದಿದ್ದರೆ ಪ್ರಶ್ನೆ ಎತ್ತಲು ಅದು ಜಾಗ ಕೊಡುತ್ತದೆ. 2025ರ ಜೂನ್‌ನಲ್ಲಿ ಪ್ರಾಧಿಕಾರವು ಇ-ಕಾಮರ್ಸ್ ತಾಣಗಳೆಲ್ಲ ಮೂರು ತಿಂಗಳೊಳಗೆ ತಮ್ಮನ್ನು ತಾವೇ ಪರಿಶೀಲಿಸಿಕೊಂಡು ಇಂಥ ವಿನ್ಯಾಸಗಳನ್ನು ತೆಗೆಯಬೇಕೆಂದು ಸಲಹೆಯನ್ನೂ ಹೊರಡಿಸಿತು. ತಮ್ಮ ಪರೀಕ್ಷೆಯ ಉತ್ತರಪತ್ರಿಕೆಯನ್ನು ತಾವೇ ತಿದ್ದಿಕೊಳ್ಳುವ ಈ ಏರ್ಪಾಡಿನಲ್ಲಿ ನನಗೆ ಅಷ್ಟು ವಿಶ್ವಾಸವಿಲ್ಲ. ಹೊರಗಿನಿಂದ ದೂರು ಬಂದಾಗಲೇ ಹೆಚ್ಚಿನ ಸಂಗತಿಗಳು ಅಲುಗಾಡುವುದು.

ದೂರಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಆದರೆ ‘ಅವರ ಟೈಮರ್ ಸುಳ್ಳು’ ಎಂದು ಬಾಯಲ್ಲಿ ಹೇಳಿದರೆ ಪ್ರಯೋಜನ ಕಡಿಮೆ, ಒಂದೇ ಸ್ಕ್ರೀನ್‌ಶಾಟ್ ಕೂಡ ಏನನ್ನೂ ಸಾಬೀತು ಮಾಡುವುದಿಲ್ಲ, ಏಕೆಂದರೆ ನಿಜವಾದ ಟೈಮರ್‌ನ ಸ್ಕ್ರೀನ್‌ಶಾಟೂ ಹಾಗೆಯೇ ಕಾಣುತ್ತದೆ. ಬೇಕಾದದ್ದು ಕಾಲದ ಎರಡು ಬಿಂದುಗಳು. ಟೈಮರ್ ಸೊನ್ನೆ ದಾಟುವುದನ್ನು ತೋರಿಸುವ, ಮೂಲೆಯಲ್ಲಿ ಫೋನಿನ ಗಡಿಯಾರ ಕಾಣುವ ಸ್ಕ್ರೀನ್ ರೆಕಾರ್ಡಿಂಗ್ ಒಂದು, ಮರುದಿನ ಅದೇ ಪುಟದಲ್ಲಿ ಅದೇ ಬೆಲೆ ಕಾಣುವ ಚಿತ್ರ ಇನ್ನೊಂದು. ಎರಡು ಫೋನುಗಳನ್ನು ಪಕ್ಕಪಕ್ಕದಲ್ಲಿಟ್ಟು ಮೂರನೆಯದರಿಂದ ತೆಗೆದ ಫೋಟೋದಲ್ಲಿ ಎರಡು ಬೇರೆ ಗಡುವು ಕಂಡರೆ ಇನ್ನೂ ಒಳ್ಳೆಯದು. ಪುಟದ ಪೂರ್ತಿ ವಿಳಾಸವನ್ನು ನಕಲಿಸಿ ಇಟ್ಟುಕೊಳ್ಳಬೇಕು, ಜಾಹೀರಾತಿನಿಂದ ಹೋದ ಪುಟಗಳು ಆಮೇಲೆ ಹುಡುಕಿದರೆ ಸಿಗದಿರುವುದುಂಟು.

ನಾನು ಕಳಿಸಿದ್ದು ರೆಕಾರ್ಡಿಂಗ್ ಮತ್ತು ಒಂಬತ್ತು ದಿನಗಳ ಅಂತರದಲ್ಲಿ ತೆಗೆದ ಎರಡು ಚಿತ್ರಗಳನ್ನು. ಮೇಜನ್ನು ಅಷ್ಟರಲ್ಲಿ ಹತ್ತಿರದ ಪೀಠೋಪಕರಣದ ಅಂಗಡಿಯಲ್ಲಿ, ಕೈಯಿಂದ ಒತ್ತಿ ನೋಡಿ, ಇನ್ನೂರು ರೂಪಾಯಿ ಹೆಚ್ಚು ಕೊಟ್ಟು ತಂದಾಗಿತ್ತು. ಕೆಲವು ವಾರಗಳ ನಂತರ ಆ ಪುಟವನ್ನು ಮತ್ತೆ ತೆರೆದಾಗ ಕೆಂಪು ಪಟ್ಟಿ ಕಾಣಲಿಲ್ಲ. ದೂರಿನಿಂದ ತೆಗೆದರೋ, ಪ್ಲಗಿನ್‌ನ ಬಾಡಿಗೆ ಕಟ್ಟಲಿಲ್ಲವೋ ಹೇಳಲಾರೆ. ಅದರ ಕೆಳಗಿನ ಸಾಲು ಮಾತ್ರ ಹಾಗೇ ಇತ್ತು: ಇನ್ನು 4 ಮಾತ್ರ ಉಳಿದಿವೆ.